ಬ್ಲಡ್ ಕಲ್ಚರ್: ರಕ್ತ ಸಂಗ್ರಹ, ಕಾವು, ಕಲುಷಿತ ಫಲಿತಾಂಶ ಮತ್ತು ಪಾಸಿಟಿವ್ ಬಾಟಲಿಯ ಪರಿಶೀಲನೆ

ರೋಗಿಯ ರಕ್ತವನ್ನು ಪೋಷಕ ದ್ರವ ತುಂಬಿದ ಬಾಟಲಿಗೆ ಹಾಕಿ, ದೇಹದ ಉಷ್ಣತೆಯಲ್ಲಿ ಕೆಲವು ದಿನ ಇಟ್ಟು, ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಬ್ಲಡ್ ಕಲ್ಚರ್ ಎಂದು ಹೆಸರು. ರಕ್ತದ ಸೋಂಕು, ಹೃದಯದ ಕವಾಟದ ಸೋಂಕು, ಟೈಫಾಯಿಡ್, ಬ್ರುಸೆಲ್ಲಾ ಜ್ವರ, ಕಾರಣ ತಿಳಿಯದ ದೀರ್ಘ ಜ್ವರ, ಇವುಗಳಲ್ಲಿ ರೋಗಕಾರಕವನ್ನು ಹಿಡಿದು ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ತಿಳಿಯಲು ಇಂದಿಗೂ ಮುಖ್ಯ ದಾರಿ ಇದೇ. ಬಾಟಲಿಗಳನ್ನು ಕಾಯುವ ಯಂತ್ರಗಳು ಬಹಳ ಸುಧಾರಿಸಿವೆ. ಆದರೆ ಫಲಿತಾಂಶ ನಂಬುವಂಥದ್ದೋ ಅಲ್ಲವೋ ಎಂಬುದು ಹೆಚ್ಚಿನ ಸಲ ತೀರ್ಮಾನವಾಗುವುದು ಪ್ರಯೋಗಾಲಯದಲ್ಲಲ್ಲ, ಅದಕ್ಕೂ ಮೊದಲು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಸೂಜಿ ಚುಚ್ಚುವ ಆ ಎರಡು ನಿಮಿಷಗಳಲ್ಲಿ.

ಎಷ್ಟು ರಕ್ತ, ಎಷ್ಟು ಸೆಟ್

ರಕ್ತದ ಸೋಂಕಿರುವ ವಯಸ್ಕರ ರಕ್ತದಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿರುತ್ತದೆ ಎಂಬ ಕಲ್ಪನೆ ತಪ್ಪು. ಒಂದು ಮಿ.ಲೀ. ರಕ್ತದಲ್ಲಿ ಹತ್ತಕ್ಕಿಂತ ಕಡಿಮೆ, ಅನೇಕ ಸಲ ಒಂದಕ್ಕಿಂತಲೂ ಕಡಿಮೆ ಜೀವಕೋಶ ಇರುವುದೇ ಸಾಮಾನ್ಯ. ಹತ್ತು ಮಿ.ಲೀ. ರಕ್ತಕ್ಕೆ ಸರಾಸರಿ ಒಂದೇ ಬ್ಯಾಕ್ಟೀರಿಯಾ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಆಗ 5 ಮಿ.ಲೀ. ರಕ್ತ ತೆಗೆದರೆ ಅದರಲ್ಲಿ ಒಂದೂ ಬ್ಯಾಕ್ಟೀರಿಯಾ ಸಿಗದೇ ಹೋಗುವ ಸಂಭವ ನೂರಕ್ಕೆ ಸುಮಾರು 61. ಹತ್ತು ಮಿ.ಲೀ. ತೆಗೆದರೆ ಅದು 37ಕ್ಕೆ, 20 ಮಿ.ಲೀ. ತೆಗೆದರೆ 14ರ ಆಸುಪಾಸಿಗೆ, 40 ಮಿ.ಲೀ. ತೆಗೆದರೆ 2ಕ್ಕೆ ಇಳಿಯುತ್ತದೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಬಾಟಲಿಗೆ ಬಾರದ ಬ್ಯಾಕ್ಟೀರಿಯಾವನ್ನು ಅದು ಬೆಳೆಸಲಾರದು. ಬ್ಲಡ್ ಕಲ್ಚರ್‌ನ ಗುಣಮಟ್ಟವನ್ನು ನಿರ್ಧರಿಸುವ ಅಂಶಗಳಲ್ಲಿ ರಕ್ತದ ಪ್ರಮಾಣವೇ ಮೊದಲನೆಯದು ಎನ್ನುವುದು ಈ ಕಾರಣಕ್ಕೆ.

ಆದ್ದರಿಂದ ವಯಸ್ಕರಿಗೆ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಹಾಕುವುದು ನಿಯಮ. ಆಮ್ಲಜನಕ ಇರುವ ವಾತಾವರಣದ ಒಂದು ಬಾಟಲಿ ಮತ್ತು ಆಮ್ಲಜನಕ ಇಲ್ಲದ ಒಂದು ಬಾಟಲಿ ಸೇರಿ ಒಂದು ಸೆಟ್. ಒಂದು ಚುಚ್ಚಿಗೆ ಒಂದು ಸೆಟ್ ಎಂಬಂತೆ, ಬೇರೆ ಬೇರೆ ಜಾಗದಿಂದ ಎರಡು ಅಥವಾ ಮೂರು ಸೆಟ್ ತೆಗೆಯಬೇಕು. ಒಂದೇ ಸೆಟ್ ತೆಗೆದರೆ ನಿಜವಾದ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಸಿಕ್ಕಿಬೀಳುತ್ತವೆ. ಎರಡಕ್ಕೆ ಏರಿಸಿದರೆ ಹತ್ತರಲ್ಲಿ ಒಂಬತ್ತು ಸಿಗುತ್ತವೆ, ಮೂರನೆಯದು ಉಳಿದಿದ್ದರಲ್ಲಿ ಬಹುಪಾಲನ್ನು ತರುತ್ತದೆ. ಮಕ್ಕಳಲ್ಲಿ ರಕ್ತದ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆ. ಅವರಿಗಾಗಿಯೇ ಇರುವ ಬಾಟಲಿಗಳಿಗೆ ಒಂದರಿಂದ ಮೂರು ಮಿ.ಲೀ. ಸಾಕು.

ನಮ್ಮ ಕಡೆಯ ಅನೇಕ ಆಸ್ಪತ್ರೆಗಳಲ್ಲಿ ಖರ್ಚಿನ ಕಾರಣಕ್ಕೆ ಆಮ್ಲಜನಕವಿರುವ ಒಂದೇ ಬಾಟಲಿಗೆ ರಕ್ತ ಹಾಕಿ ಕಳಿಸುವ ರೂಢಿಯಿದೆ. ಖರ್ಚಿನ ಮಾತು ಸುಳ್ಳಲ್ಲ. ಆದರೆ ಒಂದೇ ಬಾಟಲಿಯಿಂದ ಎರಡು ನಷ್ಟ ಒಟ್ಟಿಗೇ ಬರುತ್ತವೆ: ರಕ್ತ ಕಡಿಮೆಯಾಗುತ್ತದೆ, ಬೆಳೆದದ್ದು ನಿಜವೋ ಕಲುಷಿತವೋ ಎಂದು ಹೋಲಿಸಿ ನೋಡಲು ಇನ್ನೊಂದು ಬಾಟಲಿ ಇರುವುದಿಲ್ಲ. ಕೈ ಬಿಗಿ ಇರುವ ಕಡೆ ಒಂದು ಕೈಯಿಂದ ಎರಡು ಬಗೆಯ ಬಾಟಲಿ ತೆಗೆಯುವುದಕ್ಕಿಂತ, ಎರಡು ಕೈಗಳಿಂದ ಒಂದೊಂದು ಆಮ್ಲಜನಕದ ಬಾಟಲಿ ತೆಗೆಯುವುದು ಜಾಣತನ.

ರಕ್ತ ತೆಗೆಯಲು ಜ್ವರ ಏರುವುದನ್ನೇ ಕಾಯಬೇಕಿಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದ ಮೇಲೆ ಸ್ವಲ್ಪ ಹೊತ್ತಿಗೆ ಚಳಿ ನಡುಕ ಶುರುವಾಗಿ ಆಮೇಲೆ ಜ್ವರ ಏರುತ್ತದೆ. ತಾಪಮಾಪಕ 103 ತೋರಿಸುವ ಹೊತ್ತಿಗೆ ಎಷ್ಟೋ ಬ್ಯಾಕ್ಟೀರಿಯಾವನ್ನು ಯಕೃತ್ತು ಮತ್ತು ಗುಲ್ಮ ಸೋಸಿ ತೆಗೆದಿರುತ್ತವೆ. ಕಾಯಬಾರದ ಇನ್ನೊಂದು ವಿಷಯ ಆಂಟಿಬಯೋಟಿಕ್. ಮೊದಲ ಡೋಸ್ ಕೊಡುವ ಮುಂಚೆ ರಕ್ತ ತೆಗೆಯಬೇಕು, ಆದರೆ ರೋಗಿ ಸೆಪ್ಟಿಕ್ ಶಾಕ್‌ನಲ್ಲಿದ್ದರೆ ರಕ್ತಕ್ಕಾಗಿ ಔಷಧವನ್ನು ತಡೆಯಬಾರದು. ಟೈಫಾಯಿಡ್‌ನಲ್ಲಿ ಎರಡು ತೊಂದರೆಗಳೂ ಕೂಡುತ್ತವೆ. ರಕ್ತದಲ್ಲಿ ಬ್ಯಾಕ್ಟೀರಿಯಾ ತೀರಾ ವಿರಳ, ಮೇಲಾಗಿ ರೋಗಿ ಆಸ್ಪತ್ರೆಗೆ ಬರುವ ಮುಂಚೆಯೇ ಮೆಡಿಕಲ್ ಅಂಗಡಿಯಿಂದ ಏನಾದರೂ ಮಾತ್ರೆ ನುಂಗಿರುತ್ತಾನೆ. ಟೈಫಾಯಿಡ್ ನಿಜವಾಗಿ ಇರುವ ಹತ್ತು ಜನರಲ್ಲಿ ಸುಮಾರು ಆರು ಜನರದ್ದಷ್ಟೇ ಬ್ಲಡ್ ಕಲ್ಚರ್‌ನಲ್ಲಿ ಪಾಸಿಟಿವ್ ಬರುವುದಕ್ಕೆ ಇವೇ ಮುಖ್ಯ ಕಾರಣ.

ಕಲುಷಿತವಾಗುವುದು ಹೇಗೆ

ಬಾಟಲಿಯಲ್ಲಿ ಬೆಳೆದದ್ದು ರೋಗಿಯ ರಕ್ತದಲ್ಲಿ ಇಲ್ಲದೆ, ರಕ್ತ ತೆಗೆಯುವಾಗ ಹೊರಗಿನಿಂದ ಸೇರಿದ್ದಾದರೆ ಆ ಕಲ್ಚರ್ ಕಲುಷಿತ. ಹೊರಗಿನಿಂದ ಎಂದರೆ ಬಹುಪಾಲು ರೋಗಿಯ ಚರ್ಮದಿಂದಲೇ. ಪದೇ ಪದೇ ಕಾಣುವ ಹೆಸರುಗಳು ಕೆಲವೇ: ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೊಕಾಕಸ್, ಕೊರಿನಿಬ್ಯಾಕ್ಟೀರಿಯಂ, ಮೈಕ್ರೊಕಾಕಸ್, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್, ಮತ್ತು ದೂಳಿನಲ್ಲಿರುವ ಬ್ಯಾಸಿಲಸ್ ಜಾತಿಗಳು.

ಚರ್ಮವನ್ನು ಎಷ್ಟೇ ಚೆನ್ನಾಗಿ ಒರೆಸಿದರೂ ಅದು ಪೂರ್ತಿ ನಿರ್ಜೀವಿಯಾಗುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಚರ್ಮದ ಬ್ಯಾಕ್ಟೀರಿಯಾದಲ್ಲಿ ಐದರಲ್ಲೊಂದು ಪಾಲು ರೋಮದ ಬುಡದಲ್ಲಿ, ಎಣ್ಣೆಗ್ರಂಥಿಯ ಕುಳಿಗಳಲ್ಲಿ ಕೂತಿರುತ್ತದೆ. ನಂಜುನಾಶಕ ಅಲ್ಲಿಗೆ ಇಳಿಯುವುದಿಲ್ಲ. ಟೊಳ್ಳು ಸೂಜಿ ಆ ಪದರಗಳನ್ನು ದಾಟಿ ಹೋಗುವಾಗ ತನ್ನ ತುದಿಯಲ್ಲಿ ಚರ್ಮದ ಅತಿಸಣ್ಣ ಚೂರನ್ನು ಕೊರೆದುಕೊಂಡು ಹೋಗುತ್ತದೆ, ಮೊದಲ ಒಂದೆರಡು ಮಿ.ಲೀ. ರಕ್ತ ಅದನ್ನು ಬಾಟಲಿಗೆ ತೊಳೆದುಹಾಕುತ್ತದೆ. ಇದು ತಿಳಿದ ಮೇಲೆ ಬಂದ ಉಪಾಯ ಸರಳವಾದದ್ದು: ಮೊದಲ ಒಂದೆರಡು ಮಿ.ಲೀ. ರಕ್ತವನ್ನು ಬೇರೆ ಕಡೆಗೆ ಹರಿಯಬಿಟ್ಟು, ನಂತರದ ರಕ್ತವನ್ನು ಮಾತ್ರ ಕಲ್ಚರ್‌ಗೆ ತೆಗೆದುಕೊಳ್ಳುವುದು. ಅದಕ್ಕೆಂದೇ ಮಾಡಿದ ಮುಚ್ಚಿದ ಸಾಧನಗಳಿವೆ, ದುಬಾರಿ. ಹಾಗೆಂದು ಇತರ ಪರೀಕ್ಷೆಗಳ ಟ್ಯೂಬುಗಳಿಗೆ ಮೊದಲು ರಕ್ತ ಬಿಟ್ಟು, ಅದೇ ಸೂಜಿಯಿಂದ ಆಮೇಲೆ ಕಲ್ಚರ್ ಬಾಟಲಿ ತುಂಬಿದರೆ ಬೇರೆ ಅಪಾಯ. ಆ ಟ್ಯೂಬುಗಳೆಲ್ಲ ಒಳಗೆ ನಿರ್ಜೀವಿಯಾಗಿರುತ್ತವೆ ಎಂಬ ಖಾತ್ರಿಯಿಲ್ಲ, ಅಂಥ ಟ್ಯೂಬಿನಿಂದ ಹಿಮ್ಮುಖವಾಗಿ ಬಂದ ಬ್ಯಾಕ್ಟೀರಿಯಾ ವಾರ್ಡಿಗೆ ವಾರ್ಡೇ ಸೋಂಕು ಹಬ್ಬಿದ ಹಾಗೆ ತೋರಿಸಿದ ಪ್ರಸಂಗಗಳಿವೆ. ಕಲ್ಚರ್ ಬಾಟಲಿಯೇ ಮೊದಲು, ಉಳಿದ ಟ್ಯೂಬುಗಳು ನಂತರ ಎಂಬ ನಿಯಮ ಹುಟ್ಟಿದ್ದು ಹೀಗೆ.

ಚರ್ಮ ಒರೆಸಲು ಈಗ ಹೆಚ್ಚು ಬಳಕೆಯಲ್ಲಿರುವುದು 70 ಶೇಕಡ ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಬೆರೆಸಿದ 2 ಶೇಕಡ ಕ್ಲೋರ್‌ಹೆಕ್ಸಿಡಿನ್. ಅದನ್ನು ಅರ್ಧ ನಿಮಿಷ ಉಜ್ಜಿ, ಇನ್ನರ್ಧ ನಿಮಿಷ ಒಣಗಲು ಬಿಡಬೇಕು. ಪೊವಿಡೋನ್ ಅಯೋಡಿನ್ ಬಳಸಿದರೆ ಒಂದೂವರೆಯಿಂದ ಎರಡು ನಿಮಿಷ ಕಾಯಬೇಕು. ಹೆಚ್ಚಿನ ವಾರ್ಡುಗಳಲ್ಲಿ ತಪ್ಪಿಹೋಗುವುದು ಈ ಕಾಯುವಿಕೆ. ಅಯೋಡಿನ್ ಹಚ್ಚಿ ಕೂಡಲೇ ಸ್ಪಿರಿಟ್‌ನಿಂದ ಒರೆಸಿ ಚುಚ್ಚಿದರೆ ಅಯೋಡಿನ್ ಹಚ್ಚಿದ್ದೇ ವ್ಯರ್ಥ. ಇನ್ನೊಂದು ತೀರಾ ಸಹಜವಾದ ತಪ್ಪು, ಒರೆಸಿದ ಮೇಲೆ ನಾಳ ಎಲ್ಲಿದೆ ಎಂದು ಬೆರಳಿನಿಂದ ಮತ್ತೆ ಮುಟ್ಟಿ ನೋಡುವುದು. ಕೈಗವಸು ಹಾಕಿದ್ದರೂ ಅದು ನಿರ್ಜೀವಿಯಲ್ಲದಿದ್ದರೆ ಆ ಜಾಗವನ್ನು ಮತ್ತೆ ಮೊದಲಿನಿಂದ ಒರೆಸಬೇಕು. ನಾಳ ಹುಡುಕುವ ಕೆಲಸವನ್ನೆಲ್ಲ ಒರೆಸುವ ಮುಂಚೆಯೇ ಮುಗಿಸಿಕೊಂಡರೆ ಈ ಪ್ರಶ್ನೆ ಬರುವುದಿಲ್ಲ.

ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹತ್ತಿಯ ಡಬ್ಬಿಯ ಬಗ್ಗೆ ಒಂದು ಮಾತು. ಬೆಳಿಗ್ಗೆ ಸ್ಪಿರಿಟ್ ಸುರಿದು, ದಿನವಿಡೀ ಮುಚ್ಚಳ ತೆರೆದು ಮುಚ್ಚಿ ಬಳಸುವ ಡಬ್ಬಿ ಸಂಜೆಯ ಹೊತ್ತಿಗೆ ಅರ್ಧ ಒಣಗಿರುತ್ತದೆ. ಹತ್ತಿಯಲ್ಲಿರುವ ಬ್ಯಾಸಿಲಸ್‌ನ ಬೀಜಕಗಳನ್ನು ಹೊಸ ಸ್ಪಿರಿಟ್ ಕೂಡ ಕೊಲ್ಲುವುದಿಲ್ಲ. ಒಂದೇ ವಾರ್ಡಿನಿಂದ ಒಂದೇ ವಾರದಲ್ಲಿ ಮೂರ್ನಾಲ್ಕು ಬಾಟಲಿಗಳಲ್ಲಿ ಬ್ಯಾಸಿಲಸ್ ಬೆಳೆದರೆ ರೋಗಿಗಳನ್ನು ಶಂಕಿಸುವ ಮುಂಚೆ ಆ ಡಬ್ಬಿಯನ್ನು ಪರೀಕ್ಷಿಸುವುದು ಒಳ್ಳೆಯದು.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಬಿರಡೆ ನೋಡಲು ಸ್ವಚ್ಛ, ಆದರೆ ನಿರ್ಜೀವಿಯಲ್ಲ. ಅದನ್ನೂ 70 ಶೇಕಡ ಆಲ್ಕೊಹಾಲ್‌ನಿಂದ ಒರೆಸಿ ಒಣಗಲು ಬಿಡಬೇಕು. ರಕ್ತ ತೆಗೆದ ಮೇಲೆ ಬಾಟಲಿಗೆ ಚುಚ್ಚಲು ಹೊಸ ಸೂಜಿ ಹಾಕುವ ಹಳೆಯ ಪದ್ಧತಿಯನ್ನು ಈಗ ಬಿಟ್ಟಿದ್ದಾರೆ. ಅದರಿಂದ ಸಿಗುವ ಲಾಭ ಅತ್ಯಲ್ಪ, ಕೈಗೆ ಚುಚ್ಚಿಕೊಳ್ಳುವ ಅಪಾಯ ದೊಡ್ಡದು. ಸಿರಿಂಜಿನಿಂದ ತುಂಬುವಾಗ ಆಮ್ಲಜನಕವಿಲ್ಲದ ಬಾಟಲಿಗೆ ಮೊದಲು ಹಾಕಿದರೆ ಸಿರಿಂಜಿನ ಕೊನೆಯಲ್ಲಿರುವ ಗಾಳಿ ಅದಕ್ಕೆ ಸೇರುವುದಿಲ್ಲ. ಚಿಟ್ಟೆಸೂಜಿ ಮತ್ತು ಕೊಳವೆಯಿಂದ ನೇರ ತುಂಬುವಾಗ ಇದು ತಿರುವುಮುರುವು, ಏಕೆಂದರೆ ಗಾಳಿ ಕೊಳವೆಯ ಮುಂಭಾಗದಲ್ಲಿರುತ್ತದೆ. ರಕ್ತವೇ ಸಾಲದೆ ಬಂದರೆ ಆಮ್ಲಜನಕದ ಬಾಟಲಿಯನ್ನು ತುಂಬಿಸಿ ಉಳಿದದ್ದನ್ನು ಇನ್ನೊಂದಕ್ಕೆ ಹಾಕಬೇಕು.

ಈಗಾಗಲೇ ಹಾಕಿರುವ ಕ್ಯಾನುಲಾ ಅಥವಾ ಸೆಂಟ್ರಲ್ ಲೈನ್‌ನಿಂದ ರಕ್ತ ತೆಗೆಯುವುದು ರೋಗಿಗೆ ನೋವಿಲ್ಲದ ದಾರಿಯಾದರೂ ಕಲುಷಿತವಾಗುವ ಸಂಭವ ಅಲ್ಲಿ ಸ್ಪಷ್ಟವಾಗಿ ಹೆಚ್ಚು. ಆ ಲೈನ್‌ಗೇ ಸೋಂಕಾಗಿದೆಯೇ ಎಂಬ ಅನುಮಾನವಿದ್ದಾಗ ಮಾತ್ರ ಅಲ್ಲಿಂದ ಒಂದು, ಕೈಯ ನಾಳದಿಂದ ಒಂದು ಎಂದು ಒಂದೇ ಹೊತ್ತಿಗೆ, ಸಮ ಪ್ರಮಾಣದಲ್ಲಿ ತೆಗೆಯುತ್ತಾರೆ. ಲೈನ್‌ನ ಬಾಟಲಿ ಕೈಯ ಬಾಟಲಿಗಿಂತ ಎರಡು ಗಂಟೆ ಅಥವಾ ಅದಕ್ಕೂ ಮುಂಚೆ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನ್ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಬಾಟಲಿಯೊಳಗೆ

ಬಾಟಲಿಯಲ್ಲಿ 30ರಿಂದ 40 ಮಿ.ಲೀ. ಪೋಷಕ ದ್ರವ ಇರುತ್ತದೆ, ಹೆಚ್ಚಾಗಿ ಸೋಯಾ ಮತ್ತು ಹಾಲಿನ ಕೇಸೀನ್‌ನಿಂದ ಮಾಡಿದ್ದು. ರಕ್ತ ಹೆಪ್ಪುಗಟ್ಟದಂತೆ ಅದಕ್ಕೆ ಎಸ್‌ಪಿಎಸ್ ಎಂಬ ರಾಸಾಯನಿಕ ಸೇರಿಸಿರುತ್ತಾರೆ. ಅದು ರಕ್ತದಲ್ಲಿರುವ ಬ್ಯಾಕ್ಟೀರಿಯಾ ನಾಶಕ ಅಂಶಗಳನ್ನೂ ಬಿಳಿ ರಕ್ತಕಣಗಳ ಬೇಟೆಯನ್ನೂ ತಡೆಯುತ್ತದೆ. ನೈಸೀರಿಯಾದಂಥ ಕೆಲವು ಜಾತಿಗಳಿಗೆ ಅದೇ ವಿಷ. ರಕ್ತವನ್ನು ಐದರಿಂದ ಹತ್ತು ಪಟ್ಟು ತೆಳುಗೊಳಿಸುವುದರಿಂದಲೂ ಈ ನಾಶಕ ಶಕ್ತಿ ಕುಗ್ಗುತ್ತದೆ. ಹೊಸ ಬಗೆಯ ಬಾಟಲಿಗಳಲ್ಲಿ ತಳದಲ್ಲಿ ಕಾಣುವ ಸಣ್ಣ ಮಣಿಗಳು ರಕ್ತದಲ್ಲಿ ಈಗಾಗಲೇ ಇರುವ ಆಂಟಿಬಯೋಟಿಕ್ ಅನ್ನು ಹೀರಿಕೊಳ್ಳುತ್ತವೆ. ಎಲ್ಲ ಔಷಧವನ್ನೂ ಒಂದೇ ಸಮನೆ ಹೀರುವುದಿಲ್ಲವಾದ್ದರಿಂದ, ಮಣಿಗಳಿವೆ ಎಂದು ಔಷಧ ಕೊಟ್ಟ ಮೇಲೆ ನಿಶ್ಚಿಂತೆಯಾಗಿ ರಕ್ತ ತೆಗೆಯುವಂತಿಲ್ಲ.

ಬಾಟಲಿಯನ್ನು ಕೋಣೆಯ ಉಷ್ಣತೆಯಲ್ಲಿಯೇ, ಸಾಧ್ಯವಾದರೆ ಎರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಫ್ರಿಜ್‌ನಲ್ಲಿ ಇಡುವಂತಿಲ್ಲ. ಪ್ರಯೋಗಾಲಯದಲ್ಲಿ ಯಂತ್ರ ಅದನ್ನು 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ತಳವನ್ನು ಓದುತ್ತದೆ. ಬ್ಯಾಕ್ಟೀರಿಯಾ ಬೆಳೆಯುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ತಳದ ಸಂವೇದಕಕ್ಕೆ ಇಳಿಯುತ್ತದೆ. ಬ್ಯಾಕ್ಟ್ ಅಲರ್ಟ್ ಯಂತ್ರದಲ್ಲಿ ಅದು ನೀಲಿ ಹಸಿರಿನಿಂದ ಹಳದಿಗೆ ತಿರುಗುತ್ತದೆ, ಬ್ಯಾಕ್ಟೆಕ್‌ನಲ್ಲಿ ಪ್ರತಿದೀಪ್ತಿ ಹೆಚ್ಚುತ್ತದೆ. ಯಂತ್ರ ನೋಡುವುದು ಬಣ್ಣದ ಮಟ್ಟವನ್ನಷ್ಟೇ ಅಲ್ಲ, ಬಣ್ಣ ಬದಲಾಗುವ ವೇಗವನ್ನೂ. ಹಾಗಾಗಿ ರಾತ್ರಿ ಯಾರೋ ಒಳ್ಳೆಯ ಉದ್ದೇಶದಿಂದ ಬಾಟಲಿಯನ್ನು ಬೇರೆ ಕಾವುಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ಯಂತ್ರಕ್ಕೆ ಹಾಕಿದರೆ, ಬೆಳವಣಿಗೆಯ ಏರುಗತಿ ಅಷ್ಟರಲ್ಲೇ ಮುಗಿದಿದ್ದು ಯಂತ್ರ ನೆಗೆಟಿವ್ ಎನ್ನಬಹುದು. ತಡವಾಗಿ ಬಂದ ಬಾಟಲಿಯ ತಳವನ್ನು ಒಮ್ಮೆ ಕಣ್ಣಿನಿಂದ ನೋಡಿಯೇ ಯಂತ್ರಕ್ಕೆ ಇಡುವುದು ಅನುಭವಸ್ಥರ ಅಭ್ಯಾಸ.

ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಲೆಕ್ಕ ಹಾಕಿ ನೋಡಬಹುದು. ಒಂದು ಮಿ.ಲೀ.ಗೆ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾ ಆದಾಗ ಯಂತ್ರ ಕೂಗುತ್ತದೆ ಎಂದುಕೊಳ್ಳೋಣ. ಬಾಟಲಿಗೆ ಹತ್ತು ಇ. ಕೋಲೈ ಬಿದ್ದರೆ 40 ಮಿ.ಲೀ.ಯಲ್ಲಿ ಆ ಸಂಖ್ಯೆ ಮುಟ್ಟಲು ಅವು ಸುಮಾರು 29 ಸಲ ಇಮ್ಮಡಿಯಾಗಬೇಕು. ಒಂದು ಇಮ್ಮಡಿಗೆ 25 ನಿಮಿಷದಂತೆ ಹನ್ನೆರಡು ಗಂಟೆ. ವಾರ್ಡಿನಲ್ಲಿ ಸಂಜೆ ತೆಗೆದ ಬಾಟಲಿ ಬೆಳಗಿನ ಜಾವ ಪಾಸಿಟಿವ್ ಆಗುವುದು ಇದಕ್ಕೇ. ನಿಜವಾದ ಸೋಂಕುಗಳಲ್ಲಿ ಹೆಚ್ಚಿನವು ಎರಡು ದಿನದೊಳಗೆ ಹೊರಬೀಳುತ್ತವೆ. ಆದರೂ ಐದು ದಿನ ಕಾಯುವುದು ರೂಢಿ. ಬ್ರುಸೆಲ್ಲಾ ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು, ಕಾಯುವ ಅವಧಿಗಾಗಿ ಮಾತ್ರವಲ್ಲ, ಅಲ್ಲಿ ಕೆಲಸ ಮಾಡುವವರ ಸುರಕ್ಷತೆಗಾಗಿಯೂ.

ಬಾಟಲಿ ಪಾಸಿಟಿವ್ ಆದ ಮೇಲೆ

ಯಂತ್ರ ಸೂಚನೆ ಕೊಟ್ಟ ಬಾಟಲಿಯಿಂದ ಸೂಜಿಯಲ್ಲಿ ಕೆಲವು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಹರಡಿ ಗ್ರಾಂ ಬಣ್ಣ ಹಾಕುವುದು ಮೊದಲ ಕೆಲಸ. ಅದೇ ಹೊತ್ತಿಗೆ ರಕ್ತದ ಅಗಾರ್, ಚಾಕೊಲೇಟ್ ಅಗಾರ್, ಮ್ಯಾಕಾಂಕಿ ಅಗಾರ್‌ಗಳ ಮೇಲೆ ಬಿತ್ತುತ್ತಾರೆ. ಗ್ರಾಂ ಬಣ್ಣದಲ್ಲಿ ಕಂಡದ್ದನ್ನು ಕಾಗದದಲ್ಲಿ ಬರೆದಿಟ್ಟು ಸುಮ್ಮನಾಗುವುದಲ್ಲ, ವೈದ್ಯರಿಗೆ ಫೋನ್ ಮಾಡಿ ಹೇಳಿ, ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಂಡು, ಯಾರಿಗೆ ಎಷ್ಟು ಗಂಟೆಗೆ ಹೇಳಿದ್ದು ಎಂದು ದಾಖಲಿಸಬೇಕು. ಚಿಕಿತ್ಸೆ ಬದಲಾಗುವುದು ಬಹುತೇಕ ಈ ಫೋನಿನಿಂದಲೇ. ಎರಡು ದಿನದ ನಂತರ ಬರುವ ಅಂತಿಮ ವರದಿಯಿಂದ ಅಷ್ಟಲ್ಲ.

ಬಣ್ಣದಲ್ಲಿ ಏನೂ ಕಾಣದಿದ್ದರೆ ಎರಡು ಸಾಧ್ಯತೆ. ಬಾಟಲಿಗೆ ರಕ್ತ ಮಿತಿಮೀರಿ ಬಿದ್ದಿದ್ದರೆ, ಅಥವಾ ರೋಗಿಯ ಬಿಳಿ ರಕ್ತಕಣ ಅತಿಯಾಗಿದ್ದರೆ, ಆ ಕಣಗಳೇ ಬಿಡುವ ಡೈಆಕ್ಸೈಡ್‌ನಿಂದ ಯಂತ್ರ ಸುಳ್ಳು ಸೂಚನೆ ಕೊಡುತ್ತದೆ. ಇನ್ನೊಂದು, ಬ್ಯಾಕ್ಟೀರಿಯಾ ಇದೆ ಆದರೆ ಬಣ್ಣ ಹಿಡಿದಿಲ್ಲ. ನ್ಯುಮೊಕಾಕಸ್ ಬೆಳೆದು ತಾನೇ ಒಡೆದು ಕರಗಿಹೋಗುವ ಜಾತಿ. ಕ್ಯಾಂಪಿಲೊಬ್ಯಾಕ್ಟರ್ ತೆಳ್ಳಗೆ, ಮಸುಕಾಗಿ ಬಣ್ಣ ಹಿಡಿಯುತ್ತದೆ. ಆಗ ಅಕ್ರಿಡಿನ್ ಆರೆಂಜ್ ಬಣ್ಣ ಹಾಕಿ ಮತ್ತೊಮ್ಮೆ ನೋಡಿ, ಬಿತ್ತಿದ ತಟ್ಟೆಗಳಿಗಾಗಿ ಕಾದು, ಬಾಟಲಿಯನ್ನು ಯಂತ್ರಕ್ಕೆ ಮರಳಿಸುತ್ತಾರೆ.

ಗೊಂಚಲು ಗೊಂಚಲಾದ ನೇರಳೆ ಗೋಲಗಳು ಕಂಡರೆ ಅದು ಸ್ಟ್ಯಾಫಿಲೊಕಾಕಸ್. ದೊಡ್ಡ ಪ್ರಶ್ನೆ ಇಲ್ಲೇ ಹುಟ್ಟುತ್ತದೆ: ಆರಿಯಸ್ ಜಾತಿಯೇ, ಚರ್ಮದ ಸಾಧಾರಣ ಜಾತಿಯೇ? ಆರಿಯಸ್ ಆದರೆ ಒಂದೇ ಬಾಟಲಿಯಲ್ಲಿ ಬಂದರೂ ಅದನ್ನು ಕಲುಷಿತ ಎಂದು ಬದಿಗಿಡುವಂತಿಲ್ಲ. ಬಾಟಲಿಯ ದ್ರವದಿಂದಲೇ ನೇರವಾಗಿ ಕೊಳವೆಯಲ್ಲಿ ಕೋಆಗ್ಯುಲೇಸ್ ಪರೀಕ್ಷೆ ಮಾಡಿದರೆ ನಾಲ್ಕು ಗಂಟೆಯಲ್ಲಿ ಉತ್ತರ ಸಿಗುತ್ತದೆ, ದುಬಾರಿ ಪಿಸಿಆರ್ ಇಲ್ಲದ ಊರಿನ ಪ್ರಯೋಗಾಲಯಕ್ಕೂ ಇದು ಎಟುಕುವ ದಾರಿ. ಆರಿಯಸ್‌ನ ಹಾಗೆಯೇ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್, ನ್ಯುಮೊಕಾಕಸ್, ಕ್ಯಾಂಡಿಡಾ ಇವು ಬಂದರೆ ನಿಜವೆಂದೇ ತಿಳಿದು ನಡೆಯಬೇಕು.

ಚರ್ಮದ ಜಾತಿಗಳ ವಿಷಯದಲ್ಲಿ ಎಣಿಕೆ ಸಹಾಯಕ್ಕೆ ಬರುತ್ತದೆ. ಒಂದು ಸೆಟ್ ಕಲುಷಿತವಾಗುವ ಸಂಭವ ನೂರಕ್ಕೆ ಮೂರು ಎಂದಾದರೆ, ಬೇರೆ ಬೇರೆ ಕೈಯಿಂದ ತೆಗೆದ ಎರಡೂ ಸೆಟ್ ಆಕಸ್ಮಿಕವಾಗಿ ಕಲುಷಿತವಾಗುವ ಸಂಭವ ಹತ್ತು ಸಾವಿರಕ್ಕೆ ಒಂಬತ್ತು. ರಕ್ತ ತೆಗೆದವರು ಒಬ್ಬರೇ, ಚರ್ಮವೂ ಒಬ್ಬ ರೋಗಿಯದೇ ಆದ್ದರಿಂದ ವಾಸ್ತವದಲ್ಲಿ ಅದು ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಆದರೂ ವಿರಳ. ಎಣಿಸಬೇಕಾದದ್ದು ಸೆಟ್‌ಗಳನ್ನು, ಬಾಟಲಿಗಳನ್ನಲ್ಲ; ಒಂದೇ ಚುಚ್ಚಿನ ಎರಡು ಬಾಟಲಿಗೂ ಒಂದೇ ಚರ್ಮದ ಚೂರು ಹೋಗಿರಬಹುದು. ಎರಡೂ ಸೆಟ್‌ಗಳಲ್ಲಿ ಒಂದೇ ಜಾತಿ, ಒಂದೇ ಬಗೆಯ ಔಷಧ ಪ್ರತಿರೋಧದೊಂದಿಗೆ ಬಂದರೆ, ಅದರಲ್ಲೂ ರೋಗಿಗೆ ಕೃತಕ ಕವಾಟ, ಪೇಸ್‌ಮೇಕರ್ ಅಥವಾ ಸೆಂಟ್ರಲ್ ಲೈನ್ ಇದ್ದರೆ, ಚರ್ಮದ ಜಾತಿಯೇ ರೋಗಕಾರಕ. ಬೇಗ ಬೆಳೆದದ್ದು ನಿಜ, ತಡವಾಗಿ ಬೆಳೆದದ್ದು ಕಲುಷಿತ ಎಂಬ ಮಾತು ಒಟ್ಟಾರೆಯಾಗಿ ಸರಿ, ಆದರೆ ಯಾವುದೇ ಒಂದು ಗಂಟೆಯನ್ನು ಗೆರೆಯಾಗಿ ಹಿಡಿಯಲಾಗದು. ಕೋಆಗ್ಯುಲೇಸ್ ನೆಗೆಟಿವ್ ಗುಂಪಿನಲ್ಲೇ ಸೇರಿರುವ ಸ್ಟ್ಯಾಫಿಲೊಕಾಕಸ್ ಲುಗ್ಡುನೆನ್ಸಿಸ್ ಆರಿಯಸ್‌ನಷ್ಟೇ ಕ್ರೂರವಾಗಿ ಕವಾಟ ಹಾಳುಮಾಡಬಲ್ಲದು ಎಂಬುದೂ ನೆನಪಿರಬೇಕು. ನವಜಾತ ಶಿಶುಗಳ ವಾರ್ಡಿನಲ್ಲಿ ಈ ತೀರ್ಮಾನ ಇನ್ನೂ ಕಠಿಣ. ಅಲ್ಲಿ ಚರ್ಮದ ಸ್ಟ್ಯಾಫಿಲೊಕಾಕಸ್ ನಿಜವಾದ ಸೋಂಕು ತರುವುದುಂಟು, ಆದರೆ ಸಿಗುವುದು ಒಂದೇ ಬಾಟಲಿ.

ಉದಾಹರಣೆಗೆ ಒಂದು ಪ್ರಕರಣ

ಜುಲೈ ತಿಂಗಳು, ಉಡುಪಿ ಕಡೆಯ ಗದ್ದೆ ಕೆಲಸದ 52 ವರ್ಷದ ಒಬ್ಬರು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಎಂಟು ದಿನದಿಂದ ಜ್ವರ ಮತ್ತು ಕೆಮ್ಮು ಎಂದುಕೊಳ್ಳೋಣ. ಸಂಜೆ ಆರಕ್ಕೆ ಬಲಗೈಯಿಂದ ಒಂದು ಸೆಟ್, ಎಡಗೈಯಿಂದ ಒಂದು ಸೆಟ್, ಒಟ್ಟು ನಾಲ್ಕು ಬಾಟಲಿ. ಮಾರನೆಯ ರಾತ್ರಿ, 28ನೇ ಗಂಟೆಗೆ ಬಲಗೈಯ ಆಮ್ಲಜನಕದ ಬಾಟಲಿ ಪಾಸಿಟಿವ್. ಎರಡು ಗಂಟೆ ಬಿಟ್ಟು ಎಡಗೈಯದೂ ಅದೇ. ಗ್ರಾಂ ಬಣ್ಣದಲ್ಲಿ ತೆಳ್ಳಗಿನ ಕೆಂಪು ಕಡ್ಡಿಗಳು, ಎರಡು ತುದಿಗಳು ಗಾಢವಾಗಿ ಬಣ್ಣ ಹಿಡಿದು ನಡುವೆ ಖಾಲಿ ಬಿಟ್ಟ ಹಾಗೆ, ಮುಚ್ಚಿದ ಸೇಫ್ಟಿ ಪಿನ್‌ನಂತೆ. ಎರಡು ಕೈಯಿಂದಲೂ ಒಂದೇ ಜೀವಿ ಬಂದಿರುವುದರಿಂದ ಕಲುಷಿತ ಎಂಬ ಮಾತೇ ಇಲ್ಲ.

ಮರುದಿನ ರಕ್ತದ ಅಗಾರ್ ಮೇಲೆ ಸಣ್ಣ ಸಣ್ಣ ಕಾಲೊನಿಗಳು, ಆಕ್ಸಿಡೇಸ್ ಪಾಸಿಟಿವ್. ಇಲ್ಲಿ ಅವಸರದ ಪ್ರಯೋಗಾಲಯ ಇದನ್ನು ಸ್ಯೂಡೊಮೊನಾಸ್ ಜಾತಿ ಎಂದು ಬರೆದು ಮುಗಿಸಬಹುದು. ಸ್ವಯಂಚಾಲಿತ ಗುರುತಿಸುವ ಯಂತ್ರಗಳೂ ಇದನ್ನು ಬರ್ಖೋಲ್ಡೇರಿಯಾ ಸೆಪೇಷಿಯಾ ಎಂದೋ, ಬರ್ಖೋಲ್ಡೇರಿಯಾ ಥಾಯ್ಲಂಡೆನ್ಸಿಸ್ ಎಂದೋ ತಪ್ಪಾಗಿ ಹೆಸರಿಸುವುದುಂಟು. ತಟ್ಟೆಯ ಮೇಲೆ ಇಟ್ಟ ಮೂರು ಔಷಧ ಬಿಲ್ಲೆಗಳು ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತವೆ: ಜೆಂಟಮೈಸಿನ್ ಸುತ್ತ ಬೆಳವಣಿಗೆ ನಿಂತಿಲ್ಲ, ಕೊಲಿಸ್ಟಿನ್ ಸುತ್ತಲೂ ನಿಂತಿಲ್ಲ, ಆದರೆ ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಸುತ್ತ ಅಗಲವಾದ ಖಾಲಿ ವೃತ್ತ. ಸ್ಯೂಡೊಮೊನಾಸ್ ಎರುಜಿನೋಸಾ ಈ ರೀತಿ ವರ್ತಿಸುವುದಿಲ್ಲ. ಮಳೆಗಾಲ, ಮಣ್ಣುನೀರಿನ ಕೆಲಸ, ಸಕ್ಕರೆ ಕಾಯಿಲೆ, ಕರಾವಳಿ, ಇವೆಲ್ಲ ಸೇರಿ ಬರ್ಖೋಲ್ಡೇರಿಯಾ ಸ್ಯೂಡೊಮಲ್ಲೈ, ಅಂದರೆ ಮೆಲಿಯಾಯ್ಡೋಸಿಸ್ ಕಡೆಗೆ ಬೆರಳು ತೋರಿಸುತ್ತವೆ. ಕರ್ನಾಟಕದ ಕರಾವಳಿ ಈ ರೋಗಕ್ಕೆ ಹೆಸರಾದ ಪ್ರದೇಶ. ಅನುಮಾನ ಬಂದ ಕ್ಷಣದಿಂದ ತಟ್ಟೆಗಳನ್ನು ಸುರಕ್ಷತಾ ಕ್ಯಾಬಿನೆಟ್‌ನಲ್ಲಷ್ಟೇ ತೆರೆಯಬೇಕು, ಮೂಸಿ ನೋಡುವ ಹಳೆಯ ಅಭ್ಯಾಸ ಸಲ್ಲದು. ಲೇಟೆಕ್ಸ್ ಪರೀಕ್ಷೆ ಅಥವಾ ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳುತ್ತಾರೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಾಲೊನಿಗಳು ಒಣಗಿ ಸುಕ್ಕುಗಟ್ಟುತ್ತವೆ, ಆದರೆ ಅಷ್ಟು ದಿನ ಕಾಯುವಂತಿಲ್ಲ. ಅದುವರೆಗೆ ಕೊಡುತ್ತಿದ್ದ ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಶುರುಮಾಡಬೇಕು. ಕನಿಷ್ಠ ಎರಡು ವಾರ ಇಂಜೆಕ್ಷನ್, ನಂತರ ಕನಿಷ್ಠ ಮೂರು ತಿಂಗಳು ಕೋಟ್ರೈಮೊಕ್ಸಜೋಲ್ ಮಾತ್ರೆ.

ಈ ನಡುವೆ 41ನೇ ಗಂಟೆಗೆ ಎಡಗೈಯ ಆಮ್ಲಜನಕವಿಲ್ಲದ ಬಾಟಲಿಯೂ ಕೂಗುತ್ತದೆ. ಅದರಲ್ಲಿ ಕಡ್ಡಿಗಳಿಲ್ಲ, ಗೊಂಚಲು ಗೋಲಗಳಿವೆ. ಕೋಆಗ್ಯುಲೇಸ್ ನೆಗೆಟಿವ್, ಜಾತಿ ಸ್ಟ್ಯಾಫಿಲೊಕಾಕಸ್ ಹೊಮಿನಿಸ್. ನಾಲ್ಕು ಬಾಟಲಿಯಲ್ಲಿ ಒಂದರಲ್ಲಿ ಮಾತ್ರ, ತಡವಾಗಿ, ಮೈಯಲ್ಲಿ ಯಾವ ಕೃತಕ ಸಾಧನವೂ ಇಲ್ಲದ ರೋಗಿಯಲ್ಲಿ. ಇದು ಎಡಗೈಯ ಚರ್ಮದ್ದು. ಇದಕ್ಕೆ ಔಷಧ ಸಂವೇದನೆಯ ಪಟ್ಟಿ ಮಾಡಿ ಕಳಿಸಬಾರದು. ಪಟ್ಟಿ ಕೈಗೆ ಬಂದರೆ ಯಾರೋ ಒಬ್ಬರು ವ್ಯಾಂಕೊಮೈಸಿನ್ ಬರೆದೇ ಬರೆಯುತ್ತಾರೆ, ಆ ಔಷಧ ಈ ರೋಗಿಯ ಮೂತ್ರಪಿಂಡಕ್ಕೆ ಸುಮ್ಮನೆ ಹೊರೆ. ‘ಒಂದು ಬಾಟಲಿಯಲ್ಲಿ ಮಾತ್ರ ಬೆಳೆದಿದೆ, ಚರ್ಮದಿಂದ ಬಂದಿರುವ ಸಂಭವ ಹೆಚ್ಚು, ಬೇರೆ ಅನುಮಾನವಿದ್ದರೆ ಸಂಪರ್ಕಿಸಿ’ ಎಂದು ಬರೆದು, ತಟ್ಟೆಯನ್ನು ಒಂದು ವಾರ ಕಾಪಿಡುವುದು ಸರಿಯಾದ ಕ್ರಮ. ಇದೇ ರೋಗಿಯಿಂದ ಎಡಗೈಯ ಆ ಒಂದು ಬಾಟಲಿಯನ್ನಷ್ಟೇ ತೆಗೆದು ಕಳಿಸಿದ್ದರೆ ಮೆಲಿಯಾಯ್ಡೋಸಿಸ್ ಸಿಗುತ್ತಲೇ ಇರಲಿಲ್ಲ, ವ್ಯಾಂಕೊಮೈಸಿನ್ ಮಾತ್ರ ಸಿಗುತ್ತಿತ್ತು.

ಕಲುಷಿತ ದರ

ಒಂದು ತಿಂಗಳಲ್ಲಿ ಬಂದ ಸೆಟ್‌ಗಳಲ್ಲಿ ಕಲುಷಿತವಾದವು ನೂರಕ್ಕೆ ಮೂರು ಮೀರಬಾರದು ಎಂಬುದು ಬಹುಕಾಲದ ಅಳತೆಗೋಲು. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಒಳ್ಳೆಯ ಪದ್ಧತಿ ಅನುಸರಿಸುವ ಕಡೆ ಒಂದರ ಗುರಿ ಇಟ್ಟುಕೊಳ್ಳಬಹುದು ಎಂದಿದೆ. ಕಲುಷಿತ ಫಲಿತಾಂಶದ ಬೆಲೆಯನ್ನು ಬೇಟ್ಸ್ ಮತ್ತು ಸಂಗಡಿಗರು 1991ರಲ್ಲೇ ಲೆಕ್ಕ ಹಾಕಿದ್ದರು: ಅಂಥ ರೋಗಿಗಳ ಪ್ರಯೋಗಾಲಯದ ಬಿಲ್ ಶೇಕಡ 20ರಷ್ಟು, ನಾಳದ ಮೂಲಕ ಕೊಡುವ ಆಂಟಿಬಯೋಟಿಕ್‌ನ ಬಿಲ್ ಶೇಕಡ 39ರಷ್ಟು ಏರಿತ್ತು.

ದರವನ್ನು ಆಸ್ಪತ್ರೆಗೆಲ್ಲ ಒಟ್ಟಾಗಿ ಲೆಕ್ಕ ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ. ವಾರ್ಡುವಾರು, ಸಾಧ್ಯವಾದರೆ ರಕ್ತ ತೆಗೆದವರ ಪ್ರಕಾರ ಲೆಕ್ಕ ಹಾಕಿ ಅವರಿಗೇ ತೋರಿಸಿದಾಗ ಅದು ಇಳಿಯುತ್ತದೆ. ತುರ್ತು ಚಿಕಿತ್ಸಾ ಘಟಕದಲ್ಲಿ ದರ ಸಾಮಾನ್ಯವಾಗಿ ಹೆಚ್ಚು, ತರಬೇತಿ ಪಡೆದು ರಕ್ತ ತೆಗೆಯುವುದನ್ನೇ ಕೆಲಸವಾಗಿ ಮಾಡುವವರ ಕೈಯಲ್ಲಿ ಕಡಿಮೆ. ಒಂದು ಎಚ್ಚರಿಕೆಯೂ ಇದೆ: ದರ ಸೊನ್ನೆಯ ಹತ್ತಿರವಿದ್ದು, ನಿಜವಾದ ಪಾಸಿಟಿವ್‌ಗಳೂ ಅಷ್ಟೇ ಅಪರೂಪವಾಗಿದ್ದರೆ, ಅದು ಕೈ ಸ್ವಚ್ಛವಾಗಿರುವುದರ ಗುರುತಲ್ಲ, ಬಾಟಲಿಗೆ ರಕ್ತ ಸಾಲದೆ ಬೀಳುತ್ತಿರುವುದರ ಗುರುತು. ಅಂಥ ಕಡೆ ಖಾಲಿ ಬಾಟಲಿ ಮತ್ತು ತುಂಬಿದ ಬಾಟಲಿಯ ತೂಕ ಹೋಲಿಸಿದರೆ ಸತ್ಯ ತಿಳಿಯುತ್ತದೆ. ಬಾಟಲಿಯ ಪಕ್ಕದ ಗೆರೆಯ ಮೇಲೆ ಪೆನ್ನಿನಿಂದ 10 ಮಿ.ಲೀ. ಮಟ್ಟವನ್ನು ಮೊದಲೇ ಗುರುತು ಹಾಕಿಕೊಂಡು ತುಂಬುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಲೇಬಲ್ ಮೇಲೆ ಯಾವ ಕೈ, ಎಷ್ಟು ಗಂಟೆ, ಎಷ್ಟು ಮಿ.ಲೀ. ಎಂದು ಬರೆಯುವುದಕ್ಕೂ ಅಷ್ಟೇ. ಬಾರ್‌ಕೋಡ್ ಮುಚ್ಚದ ಹಾಗೆ ಲೇಬಲ್ ಅಂಟಿಸಬೇಕು.